ಪಟ್ಟಿಯ ಅಡ್ಡ ವೋಲ್ಟೇಜ್‌ನಿಂದ ವಾಹಕಗಳ ಜಾತಿ ಮತ್ತು ಎಣಿಕೆ

ವಿದ್ಯುತ್ ಹರಿಯುತ್ತಿರುವ ತೆಳು ಪಟ್ಟಿಯೊಂದನ್ನು ಅದರ ಮುಖಕ್ಕೆ ಲಂಬವಾದ ಕಾಂತಕ್ಷೇತ್ರದಲ್ಲಿಟ್ಟರೆ ಪಟ್ಟಿಯ ಎರಡು ಅಂಚುಗಳ ನಡುವೆ ಸಣ್ಣದೊಂದು ವೋಲ್ಟೇಜ್ ಕಾಣಿಸಿಕೊಳ್ಳುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಚಿನ್ನದ ತೆಳು ಹಾಳೆಯಲ್ಲಿ ಇದನ್ನು ಗುರುತಿಸಿದ್ದರಿಂದ ಇದಕ್ಕೆ ಹಾಲ್ ವೋಲ್ಟೇಜ್ ಎಂಬ ಹೆಸರು ಬಂದಿದೆ. ಪಟ್ಟಿಯೊಳಗೆ ಆವೇಶವನ್ನು ಹೊತ್ತೊಯ್ಯುವ ವಾಹಕಗಳು ಎಲೆಕ್ಟ್ರಾನುಗಳೋ ಅಥವಾ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳಾಗಿ ಧನಾವೇಶದಂತೆ ಚಲಿಸುವ ರಂಧ್ರಗಳೋ, ಮತ್ತು ಅವು ಒಂದು ಘನ ಮೀಟರ್‌ನಲ್ಲಿ ಎಷ್ಟಿವೆ ಎಂಬೆರಡನ್ನೂ ಈ ಒಂದೇ ಅಳತೆಯಿಂದ ತಿಳಿಯಬಹುದು. ಆದರೆ ಮೀಟರ್ ಮೊದಲು ತೋರಿಸುವ ಅಂಕಿಯನ್ನು ಹಾಗೆಯೇ ನಂಬುವಂತಿಲ್ಲ.

ಮೊದಲು ದಿಕ್ಕುಗಳನ್ನು ಗೊತ್ತುಮಾಡಿಕೊಳ್ಳಬೇಕು. ಪಟ್ಟಿ ಮೇಜಿನ ಮೇಲೆ ಮಲಗಿದೆ, ಪ್ರವಾಹ ಎಡದಿಂದ ಬಲಕ್ಕೆ ಹರಿಯುತ್ತಿದೆ, ಕಾಂತಕ್ಷೇತ್ರ ಕೆಳಗಿನಿಂದ ಮೇಲಕ್ಕಿದೆ ಎಂದಿಟ್ಟುಕೊಳ್ಳಿ. ಆಗ ವಾಹಕಗಳು ಯಾವ ಜಾತಿಯವಾದರೂ ನಿಮ್ಮ ಕಡೆಯ ಅಂಚಿಗೇ ತಳ್ಳಲ್ಪಡುತ್ತವೆ. ಎಲೆಕ್ಟ್ರಾನಿನ ಆವೇಶ ಋಣ, ಅದು ಚಲಿಸುವುದೂ ಪ್ರವಾಹಕ್ಕೆ ವಿರುದ್ಧವಾಗಿ. ಎರಡು ತಿರುವುಗಳು ಒಂದನ್ನೊಂದು ಅಳಿಸಿಕೊಳ್ಳುವುದರಿಂದ ಬಲದ ದಿಕ್ಕು ಬದಲಾಗುವುದಿಲ್ಲ. ಬದಲಾಗುವುದು ಅಂಚಿನಲ್ಲಿ ಸೇರುವ ಆವೇಶದ ಚಿಹ್ನೆ ಮಾತ್ರ. ಹಾಗಾಗಿ ವೋಲ್ಟ್‌ಮೀಟರ್‌ನ ಕೆಂಪು ತಂತಿಯನ್ನು ನಿಮ್ಮ ಕಡೆಯ ಅಂಚಿಗೆ, ಕಪ್ಪು ತಂತಿಯನ್ನು ಆಚೆಯ ಅಂಚಿಗೆ ಜೋಡಿಸಿದರೆ, ಹಾಲ್ ವೋಲ್ಟೇಜ್ ಧನವಾಗಿದ್ದಾಗ ವಾಹಕಗಳು ರಂಧ್ರಗಳು, ಋಣವಾಗಿದ್ದಾಗ ಎಲೆಕ್ಟ್ರಾನುಗಳು.

ಎಣಿಕೆಗೆ ಬೇಕಾದ ಸೂತ್ರ ಚಿಕ್ಕದು: n = IB/(qtV). ಇಲ್ಲಿ I ಪ್ರವಾಹ, B ಕಾಂತಕ್ಷೇತ್ರ, q ಒಂದು ವಾಹಕದ ಆವೇಶ, V ಹಾಲ್ ವೋಲ್ಟೇಜ್. t ಎಂಬುದು ಕಾಂತಕ್ಷೇತ್ರದ ದಿಕ್ಕಿನಲ್ಲಿರುವ ದಪ್ಪ. ವೋಲ್ಟೇಜ್ ಅಳೆಯುವುದು ಅಗಲದ ಉದ್ದಕ್ಕಾದ್ದರಿಂದ ಹಲವರು ಇಲ್ಲಿ ಅಗಲವನ್ನೇ ಹಾಕಿ ಎಡವುತ್ತಾರೆ. ವಾಹಕಗಳು ಹೆಚ್ಚಿದಷ್ಟೂ ವೋಲ್ಟೇಜ್ ಕುಗ್ಗುತ್ತದೆ. ಒಂದು ಮಿಲಿಮೀಟರ್ ದಪ್ಪದ ತಾಮ್ರದಲ್ಲಿ 1 ಆಂಪಿಯರ್ ಹರಿಸಿ 1 ಟೆಸ್ಲಾ ಕ್ಷೇತ್ರ ಕೊಟ್ಟರೂ ಸಿಗುವುದು ಒಂದು ಮೈಕ್ರೋವೋಲ್ಟ್‌ನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಆದ್ದರಿಂದ ಕಲಿಯುವವರಿಗೆ ಜರ್ಮೇನಿಯಂನಂಥ ಅರೆವಾಹಕದ ತುಂಡು ಅನುಕೂಲ.

ಅಂಥ ಒಂದು ತುಂಡಿನ ದಪ್ಪ 0.5 ಮಿಲಿಮೀಟರ್, ಪ್ರವಾಹ 4 ಮಿಲಿಆಂಪಿಯರ್, ಕ್ಷೇತ್ರ 0.3 ಟೆಸ್ಲಾ ಎಂದುಕೊಳ್ಳೋಣ. ಕ್ಷೇತ್ರ ಮೇಲ್ಮುಖವಾಗಿದ್ದಾಗ ಮೀಟರ್ +20.3 ಮಿಲಿವೋಲ್ಟ್ ತೋರಿಸುತ್ತದೆ. ಪಟ್ಟಿಯನ್ನು ಕಾಂತದಿಂದ ಪೂರ್ತಿ ದೂರ ತೆಗೆದರೆ ಸೊನ್ನೆ ಬರಬೇಕಿತ್ತು, ಆದರೆ 5.3 ಮಿಲಿವೋಲ್ಟ್ ಉಳಿಯುತ್ತದೆ. ಕಾರಣವಿಷ್ಟೆ: ಎರಡು ಅಂಚುಗಳ ಸಂಪರ್ಕ ಬಿಂದುಗಳು ಒಂದಕ್ಕೊಂದು ನೇರ ಎದುರಿಗಿಲ್ಲ. ಒಂದು ಬಿಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗದಷ್ಟು ಮುಂದಿದ್ದರೂ ಆ ಅಂತರದಲ್ಲಿ ಪಟ್ಟಿಯ ಸ್ವಂತ ರೋಧದಿಂದಾಗುವ ವೋಲ್ಟೇಜ್ ಇಳಿತ ಅಳತೆಯಲ್ಲಿ ಸೇರಿಕೊಳ್ಳುತ್ತದೆ.

ಪ್ರವಾಹವನ್ನು ತಿರುಗಿಸಿ ಇದನ್ನು ಕಳೆಯಲಾಗದು, ಏಕೆಂದರೆ ಆಗ ಹಾಲ್ ವೋಲ್ಟೇಜ್ ಮತ್ತು ಈ ಇಳಿತ ಎರಡೂ ಒಟ್ಟಿಗೇ ಚಿಹ್ನೆ ಬದಲಿಸುತ್ತವೆ. ತಿರುಗಿಸಬೇಕಾದದ್ದು ಕಾಂತಕ್ಷೇತ್ರವನ್ನು, ಆಗ ಹಾಲ್ ವೋಲ್ಟೇಜ್ ಮಾತ್ರ ತಿರುಗುತ್ತದೆ, ಇಳಿತ ಹಾಗೆಯೇ ಉಳಿಯುತ್ತದೆ. ಕೆಳಮುಖ ಕ್ಷೇತ್ರದಲ್ಲಿ ಮೀಟರ್ −9.7 ತೋರಿಸಿತು ಎನ್ನೋಣ. ಮೊದಲ ಅಂಕಿಯಿಂದ ಇದನ್ನು ಕಳೆದು ಅರ್ಧ ಮಾಡಿದರೆ (20.3 + 9.7)/2 = 15.0 ಮಿಲಿವೋಲ್ಟ್, ಅದೂ ಧನ. ಅಂದರೆ ವಾಹಕಗಳು ರಂಧ್ರಗಳು. ಸೂತ್ರದಲ್ಲಿ q = 1.6 × 10⁻¹⁹ ಕೂಲಂಬ್ ಹಾಕಿದರೆ ಘನ ಮೀಟರ್‌ಗೆ 10²¹ ರಂಧ್ರಗಳೆಂಬ ಉತ್ತರ ಬರುತ್ತದೆ. ಮೊದಲ ಅಂಕಿಯನ್ನೇ ನಂಬಿದ್ದರೆ ಉತ್ತರ ಕಾಲುಭಾಗದಷ್ಟು ಕಡಿಮೆಯಾಗುತ್ತಿತ್ತು. ಬಿಂದುಗಳ ಓರೆ ಇನ್ನೂ ಹೆಚ್ಚಿದ್ದು ವಿರುದ್ಧ ದಿಕ್ಕಿಗಿದ್ದಿದ್ದರೆ ರಂಧ್ರಗಳನ್ನೇ ಎಲೆಕ್ಟ್ರಾನುಗಳೆಂದು ಬರೆದಿಡುತ್ತಿದ್ದೆವು.

ವಿದ್ಯುತ್ಕಾಂತ ಬಳಸುವವರು ಇನ್ನೊಂದನ್ನು ಗಮನಿಸಬೇಕು: ಅದರ ಸುರುಳಿಯ ಪ್ರವಾಹವನ್ನು ನಿಲ್ಲಿಸಿದರೂ ಕಬ್ಬಿಣದ ತಿರುಳಿನಲ್ಲಿ ಸ್ವಲ್ಪ ಕಾಂತತ್ವ ಉಳಿದಿರುತ್ತದೆ. ಹಾಗಾಗಿ ಎರಡೂ ದಿಕ್ಕಿನಲ್ಲಿ ಕ್ಷೇತ್ರವನ್ನು ಗಾಸ್‌ಮೀಟರ್‌ನಿಂದಲೇ ಅಳೆದು ಸಮಮಾಡಿಕೊಳ್ಳಬೇಕು.

ಪ್ರವಾಹವನ್ನು ಹಂತಹಂತವಾಗಿ ಏರಿಸಿ, ಪ್ರತಿ ಹಂತದಲ್ಲೂ ಹೀಗೆ ಪಡೆದ ವೋಲ್ಟೇಜನ್ನು ನಕ್ಷೆಯಲ್ಲಿ ಗುರುತಿಸಿದರೆ ಸರಳರೇಖೆ ಬರಬೇಕು. ಹೆಚ್ಚಿನ ಪ್ರವಾಹದಲ್ಲಿ ರೇಖೆ ಬಾಗಿದರೆ ತುಂಡು ಬಿಸಿಯಾಗುತ್ತಿದೆ ಎಂದರ್ಥ. ಬಿಸಿಯಾದ ಜರ್ಮೇನಿಯಂನಲ್ಲಿ ಎಲೆಕ್ಟ್ರಾನುಗಳೂ ರಂಧ್ರಗಳೂ ಜೋಡಿಜೋಡಿಯಾಗಿ ಹುಟ್ಟುತ್ತವೆ, ಎಲೆಕ್ಟ್ರಾನುಗಳು ಹೆಚ್ಚು ಚುರುಕಾದ್ದರಿಂದ ಅವುಗಳ ಸಂಖ್ಯೆ ಕಡಿಮೆಯಿದ್ದಾಗಲೇ ಹಾಲ್ ವೋಲ್ಟೇಜ್ ಸೊನ್ನೆಗಿಳಿದು ಋಣವಾಗಬಲ್ಲದು. ಎರಡು ಜಾತಿಯ ವಾಹಕಗಳು ಬೆರೆತ ಆ ಸ್ಥಿತಿಯಲ್ಲಿ ಮೇಲಿನ ಸೂತ್ರ ಅನ್ವಯಿಸದು. ಪ್ರವಾಹ ತಗ್ಗಿಸಿ, ತುಂಡು ತಣ್ಣಗಾದ ಮೇಲೆ ಮತ್ತೆ ಅಳೆಯಬೇಕು.