ಮೂತ್ರದ ಸೋಂಕು ಬಿಪಿ ಬೀಳಿಸುವುದು ಹೇಗೆ?

ನಮ್ಮ ದೊಡ್ಡಪ್ಪನಿಗೆ 68 ವರ್ಷ, ಮೂಡಿಗೆರೆ ಹತ್ತಿರ ತೋಟ. ಸಕ್ಕರೆ ಕಾಯಿಲೆ ಇದೆ, ಪ್ರಾಸ್ಟೇಟ್ ಊದಿಕೊಂಡು ಮೂತ್ರ ಪೂರ್ತಿ ಖಾಲಿ ಆಗುತ್ತಿರಲಿಲ್ಲ. ಕಾಫಿ ಕೊಯ್ಲಿನ ಸಮಯ, ಕಣ ಬಿಟ್ಟು ಡಾಕ್ಟರ್ ಹತ್ತಿರ ಹೋಗಲು ಪುರುಸೊತ್ತು ಯಾರಿಗಿದೆ? ಉರಿಮೂತ್ರ ಅಂತ ಎರಡು ದಿನ ಬಾರ್ಲಿ ನೀರು ಕುಡಿದರು. ಮೂರನೇ ಸಂಜೆ ಮೈ ಗಡಗಡ ನಡುಗಿತು, ಮೂರು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ. ರಾತ್ರಿ ದೊಡ್ಡಮ್ಮನನ್ನು ಎಂದೋ ತೀರಿಹೋದ ಅಜ್ಜಿಯ ಹೆಸರಿನಲ್ಲಿ ಕರೆದರು. ಚಿಕ್ಕಮಗಳೂರಿನ ಆಸ್ಪತ್ರೆ ಮುಟ್ಟಿದಾಗ ಬಿಪಿ 84/46.

ನಾನು ಹಾಸನದಲ್ಲಿ ಮೈಕ್ರೊಬಯಾಲಜಿ ಪಾಠ ಮಾಡುವವಳು. ಮನೆಯವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಮೂತ್ರಕ್ಕೆ ಆದ ಸೋಂಕು ಬಿಪಿಗೆ ಹೇಗೆ ಹೋಯಿತು? ಅವರಿಗೆ ಹೇಳಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ.

ಹಂತ 1: ಬಾಲ ಸಿಕ್ಕಿಬಿತ್ತು

ಇಂಥ ಸೋಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಇ. ಕೋಲಿ. ನಮ್ಮ ಕರುಳಲ್ಲೇ ಇರುವ ಬ್ಯಾಕ್ಟೀರಿಯಾ. ಮೂತ್ರಕೋಶದಿಂದ ಕಿಡ್ನಿಯ ಕಡೆ ಹೋಗಬೇಕಾದರೆ ಮೂತ್ರ ಹರಿಯುವ ದಿಕ್ಕಿಗೆ ಎದುರಾಗಿ ಈಜಬೇಕು, ಅಲ್ವಾ? ಅದಕ್ಕೆ ಅದರ ಬಳಿ ತಿರುಗುವ ಬಾಲಗಳಿವೆ. ಫ್ಲಾಜೆಲಿನ್ ಅನ್ನುವ ಒಂದೇ ಪ್ರೋಟೀನಿನ ಸಾವಿರಾರು ತುಂಡುಗಳನ್ನು ಜೋಡಿಸಿ ಆ ಬಾಲ ಕಟ್ಟಿರುತ್ತದೆ.

ನಮ್ಮ ಜೀವಕೋಶಗಳ ಮೇಲಿರುವ ಟಿಎಲ್‌ಆರ್5 ಅನ್ನುವ ಕಾವಲುಗಾರ ಇಡೀ ಬಾಲವನ್ನು ಗುರುತಿಸುವುದಿಲ್ಲ. ಬಾಲದಿಂದ ಕಳಚಿದ ಬಿಡಿ ತುಂಡನ್ನು ಹಿಡಿಯುತ್ತದೆ. ಯಾಕೆಂದರೆ ಅದು ನೋಡುವ ಭಾಗ ಬಾಲ ಕಟ್ಟಿದಾಗ ಒಳಗೆ ಮುಚ್ಚಿಹೋಗಿರುತ್ತದೆ, ತುಂಡಿಗೆ ತುಂಡು ಅಂಟಿಕೊಳ್ಳುವುದೇ ಆ ಭಾಗದಿಂದ. ಅದನ್ನು ಬದಲಾಯಿಸಿಕೊಂಡು ತಪ್ಪಿಸಿಕೊಳ್ಳೋಣ ಅಂದರೆ ಬಾಲ ಕಟ್ಟುವುದೇ ಕಷ್ಟ. ಹೊಟ್ಟೆಹುಣ್ಣು ತರುವ ಹೆಲಿಕೊಬ್ಯಾಕ್ಟರ್‌ನಂಥ ಕೆಲವು ಮಾತ್ರ ಆ ಭಾಗವನ್ನೂ ಬದಲಾಯಿಸಿ, ಬೇರೆ ಕಡೆ ಸರಿದೂಗಿಸಿಕೊಂಡು ಈಜುತ್ತವೆ. ಕಳ್ಳರಲ್ಲೂ ಜಾಣರಿರುತ್ತಾರೆ.

ಈ ಮೊದಲ ಕೂಗಿಗೆ ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಬಹಳಷ್ಟು ಸಲ ಕಥೆ ಅಲ್ಲಿಗೇ ಮುಗಿಯುತ್ತದೆ. ದೊಡ್ಡಪ್ಪನಲ್ಲಿ ಮೂತ್ರ ನಿಂತೇ ಇತ್ತು, ಹಾಗಾಗಿ ಬ್ಯಾಕ್ಟೀರಿಯಾ ಬೆಳೆದು ಕಿಡ್ನಿಗೆ, ಅಲ್ಲಿಂದ ರಕ್ತಕ್ಕೆ ನುಗ್ಗಿತು.

ಹಂತ 2: ಆರು ಎಳೆಗಳ ಕೊಬ್ಬು

ಇ. ಕೋಲಿಯ ಹೊರಗಿನ ಪೊರೆಯ ಹೊರಮೈ ಬಹುಪಾಲು ಲೈಪೊಪಾಲಿಸ್ಯಾಕರೈಡ್, ಚಿಕ್ಕದಾಗಿ ಎಲ್‌ಪಿಎಸ್. ಹೊರಗೆ ಸಕ್ಕರೆಯ ಸರ, ಬುಡದಲ್ಲಿ ಲಿಪಿಡ್ ಎ ಅನ್ನುವ ಕೊಬ್ಬಿನ ಭಾಗ. ನಮ್ಮನ್ನು ಕಾಡುವುದು ಈ ಬುಡ. ಅದರಲ್ಲಿ ಕೊಬ್ಬಿನ ಆರು ಎಳೆಗಳಿವೆ.

ರಕ್ತದಲ್ಲಿ ಒಂದು ಕೈಬದಲು ಸಾಲೇ ಇದೆ. ಲಿವರ್ ಮಾಡುವ ಎಲ್‌ಬಿಪಿ ಅನ್ನುವ ಪ್ರೋಟೀನು ಪೊರೆಯಿಂದ ಎಲ್‌ಪಿಎಸ್ ಕೀಳಲು ನೆರವಾಗಿ, ಅದನ್ನು ಸಿಡಿ14 ಅನ್ನುವ ಇನ್ನೊಂದು ಪ್ರೋಟೀನಿಗೆ ಕೊಡುತ್ತದೆ. ಸಿಡಿ14 ಅದನ್ನು ಎಂಡಿ-2 ಅನ್ನುವ ಪುಟ್ಟ ಜೇಬಿಗೆ ಹಾಕುತ್ತದೆ. ಈ ಜೇಬು ಟಿಎಲ್‌ಆರ್4 ಅನ್ನುವ ಕಾವಲುಗಾರನಿಗೆ ಅಂಟಿಕೊಂಡೇ ಇರುತ್ತದೆ. ನನಗೆ ಇಷ್ಟವಾದ ಭಾಗ ಈಗ ಬರುತ್ತದೆ. ಆರು ಎಳೆಗಳಲ್ಲಿ ಐದು ಜೇಬಿನೊಳಗೆ ಹೋಗುತ್ತವೆ, ಆರನೆಯದಕ್ಕೆ ಜಾಗ ಸಾಲದೆ ಹೊರಗೆ ಉಳಿಯುತ್ತದೆ. ಆ ಹೊರಗುಳಿದ ಎಳೆ ಪಕ್ಕದ ಇನ್ನೊಂದು ಟಿಎಲ್‌ಆರ್4 ಅನ್ನು ಹಿಡಿದುಕೊಳ್ಳುತ್ತದೆ. ಎರಡೂ ಜೋಡಿಯಾದ ಮೇಲೇ ಒಳಗೆ ಗಂಟೆ ಬಾರಿಸುವುದು. ಪ್ಲೇಗ್ ಬ್ಯಾಕ್ಟೀರಿಯಾ ನಮ್ಮ ಮೈಯ 37 ಡಿಗ್ರಿ ಶಾಖದಲ್ಲಿ ಬಹುಪಾಲು ನಾಲ್ಕೇ ಎಳೆಯ ಲಿಪಿಡ್ ಎ ಮಾಡುತ್ತದೆ. ಜೋಡಿ ಸರಿಯಾಗಿ ಆಗುವುದಿಲ್ಲ, ಗಂಟೆ ಬಾರಿಸುವುದಿಲ್ಲ, ಅದು ಸದ್ದಿಲ್ಲದೆ ಬೆಳೆಯುತ್ತದೆ.

ಮನುಷ್ಯರಲ್ಲಿ ಈ ಗಂಟೆ ಎಷ್ಟು ಸೂಕ್ಷ್ಮ ಗೊತ್ತಾ? ಆರೋಗ್ಯವಂತ ಸ್ವಯಂಸೇವಕರ ಮೇಲಿನ ಪ್ರಯೋಗಗಳಲ್ಲಿ ತೂಕದ ಪ್ರತಿ ಕಿಲೋಗೆ 2ರಿಂದ 4 ನ್ಯಾನೋಗ್ರಾಂ ಎಲ್‌ಪಿಎಸ್ ಕೊಟ್ಟರೆ ಸಾಕು, ಒಂದೆರಡು ಗಂಟೆಯಲ್ಲಿ ಚಳಿ, ಜ್ವರ. 60 ಕಿಲೋ ಮನುಷ್ಯನಿಗೆ 120 ನ್ಯಾನೋಗ್ರಾಂ ಅಂದರೆ ಒಂದು ಉಪ್ಪಿನ ಹರಳಿನ ನೂರಾರು ಪಾಲಿನಲ್ಲಿ ಒಂದು ಪಾಲು. ದೊಡ್ಡಪ್ಪನ ನಡುಕ ಇದೇ.

ಹಂತ 3: ಎಲ್ಲ ಜೆಟ್ ಒಟ್ಟಿಗೆ

ಗಂಟೆ ಬಾರಿಸಿದ ಜೀವಕೋಶ ಟಿಎನ್‌ಎಫ್, ಐಎಲ್-6 ಅನ್ನುವ ಸಂದೇಶಗಳನ್ನು ಸುರಿಯುತ್ತದೆ. ಗಾಯವಾದ ಒಂದು ಬೆರಳಲ್ಲಿ ಇದು ಒಳ್ಳೆಯದೇ. ರಕ್ತನಾಳ ಅಗಲವಾಗಿ, ಸ್ವಲ್ಪ ಸೋರಿ, ಸೈನಿಕರಿಗೆ ದಾರಿ ಬಿಡುತ್ತದೆ. ಅದೇ ಕೆಲಸ ಇಡೀ ಮೈಯಲ್ಲಿ ಒಟ್ಟಿಗೆ ನಡೆದರೆ?

ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ಪಂಪಿಗೆ ಅದರ ಶಕ್ತಿಗೆ ತಕ್ಕಷ್ಟು ಜೆಟ್ ಹಾಕುತ್ತೇವೆ. ಇಡೀ ತೋಟದ ವಾಲ್ವ್ ಒಟ್ಟಿಗೆ ತೆಗೆದು, ಪೈಪು ಅಲ್ಲಲ್ಲಿ ಸೋರಲು ಬಿಟ್ಟರೆ ಪಂಪು ಎಷ್ಟೇ ಕೂಗಿಕೊಂಡರೂ ಕೊನೆಯ ಜೆಟ್ ತಿರುಗುವುದಿಲ್ಲ. ಶಾಕ್ ಅಂದರೆ ಹಾಗೆ. ನೈಟ್ರಿಕ್ ಆಕ್ಸೈಡ್ ಜಾಸ್ತಿಯಾಗಿ ನಾಳಗಳು ಸಡಿಲವಾಗುತ್ತವೆ, ನೀರು ನಾಳದಿಂದ ಹೊರಗೆ ಸೋರುತ್ತದೆ, ಹೃದಯ ಓಡೋಡಿ ಬಡಿದರೂ ಕಿಡ್ನಿಗೂ ಮೆದುಳಿಗೂ ಒತ್ತಡ ಸಾಲದು. ಇದರ ಮೇಲೆ ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎಲ್‌ಪಿಎಸ್ ಜೀವಕೋಶದ ಒಳಗೇ ಹೊಕ್ಕರೆ ಕ್ಯಾಸ್ಪೇಸ್-4 ಅನ್ನುವ ಇನ್ನೊಬ್ಬ ಕಾವಲುಗಾರ ಎದ್ದು, ಪೊರೆಗೆ ತೂತು ಬಿದ್ದು, ಆ ಜೀವಕೋಶವೇ ಒಡೆಯುತ್ತದೆ. ಹೆಪ್ಪುಗಟ್ಟುವುದು ಅದರಿಂದ ಇನ್ನೂ ಜೋರಾಗುತ್ತದೆ.

ಹಂತ 4: ಗುರುತಿಸುವುದು

ದೊಡ್ಡಪ್ಪನ ಲೆಕ್ಕ ನೋಡಿ. ಸರಾಸರಿ ಒತ್ತಡಕ್ಕೆ ಕೆಳಗಿನ ಅಂಕಿಯನ್ನು ಎರಡು ಸಲ ಸೇರಿಸುತ್ತಾರೆ: 84 + 46 + 46, ಅದನ್ನು 3ರಿಂದ ಭಾಗಿಸಿದರೆ ಸುಮಾರು 59. ಬೇಕಾದ್ದು ಕನಿಷ್ಠ 65. ಉಸಿರು ನಿಮಿಷಕ್ಕೆ 28. ರಕ್ತದಲ್ಲಿ ಲ್ಯಾಕ್ಟೇಟ್ 4.2, ಅದು 2 ದಾಟಬಾರದು. ಸಾಕಷ್ಟು ಡ್ರಿಪ್ ಕೊಟ್ಟ ಮೇಲೂ ಸರಾಸರಿ ಒತ್ತಡ 65ರಲ್ಲಿ ಉಳಿಸಲು ನಾಳ ಬಿಗಿಸುವ ಔಷಧ ಬೇಕಾಗಿ, ಲ್ಯಾಕ್ಟೇಟ್ 2ಕ್ಕಿಂತ ಜಾಸ್ತಿ ಇದ್ದರೆ ಸೆಪ್ಟಿಕ್ ಶಾಕ್ ಅನ್ನುತ್ತಾರೆ, ಇದು 2016ರ ವ್ಯಾಖ್ಯಾನ.

ಮನೆಯಲ್ಲಿ ಲ್ಯಾಕ್ಟೇಟ್ ನೋಡಲಾಗದು. ಆದರೆ ಸೋಂಕಿನ ಜೊತೆ ಉಸಿರು ನಿಮಿಷಕ್ಕೆ 22 ಮುಟ್ಟಿದರೆ, ಮೇಲಿನ ಬಿಪಿ 100 ಅಥವಾ ಕಡಿಮೆ ಇದ್ದರೆ, ಮಾತು ಅಡ್ಡಾದಿಡ್ಡಿಯಾದರೆ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ವಯಸ್ಸಾದವರಲ್ಲಿ ಜ್ವರ ಬಾರದೆಯೂ ಇರಬಹುದು. ಇನ್ನೊಂದು ಮೋಸ: ಶುರುವಿನಲ್ಲಿ ಕೈಕಾಲು ಬೆಚ್ಚಗೇ ಇರಬಹುದು. ವಾಲ್ವ್ ತೆರೆದಿದೆಯಲ್ಲ!

ಹಂತ 5: ವಾಲ್ವ್ ಮುಚ್ಚುವುದು

ಗಂಟೆಯನ್ನೇ ಕಿತ್ತುಹಾಕಬಾರದಾ ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. 1998ರಲ್ಲಿ ಬ್ರೂಸ್ ಬಾಯ್ಟ್ಲರ್ ತಂಡ ಎಲ್‌ಪಿಎಸ್‌ಗೆ ಜಗ್ಗದ ಇಲಿಗಳಲ್ಲಿ ಟಿಎಲ್‌ಆರ್4 ಕೆಟ್ಟಿರುವುದನ್ನು ತೋರಿಸಿತು, 2011ರಲ್ಲಿ ಅವರಿಗೆ ನೊಬೆಲ್ ಪಾಲು ಬಂತು. ಆದರೆ ಅವೇ ಇಲಿಗಳು ಜೀವಂತ ಸಾಲ್ಮೊನೆಲ್ಲಾಗೆ ಬೇಗ ಸಾಯುತ್ತವೆ. ಎಂಡಿ-2 ಜೇಬಿಗೆ ನಾಲ್ಕೆಳೆಯ ನಕಲಿ ಕೊಬ್ಬು ತುಂಬುವ ಎರಿಟೊರಾನ್ ಅನ್ನುವ ಔಷಧವನ್ನೂ ನೋಡಿದರು. 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಸಾವು ಕಡಿಮೆಯಾಗಲಿಲ್ಲ. ಇದಕ್ಕೆ ಹೇಳುವ ಒಂದು ಕಾರಣ ಸುಲಭ. ಟಿಎನ್‌ಎಫ್ ಸುಮಾರು ಒಂದೂವರೆ ಗಂಟೆಯಲ್ಲೇ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ, ರೋಗಿ ಬರುವಾಗ ಗಂಟೆ ಬಾರಿಸಿ ಯಾವುದೋ ಕಾಲವಾಗಿರುತ್ತದೆ.

ಹಾಗಾಗಿ ದೊಡ್ಡಪ್ಪನಿಗೆ ಮಾಡಿದ್ದು ಹಳೆಯ ಕೆಲಸಗಳೇ. ಕಲ್ಚರ್‌ಗೆ ರಕ್ತ ತೆಗೆದು ಮೊದಲ ಗಂಟೆಯಲ್ಲೇ ಆಂಟಿಬಯೋಟಿಕ್. ಕಿಲೋಗೆ 30 ಮಿಲಿಯಂತೆ 60 ಕಿಲೋಗೆ 1,800 ಮಿಲಿ ಡ್ರಿಪ್, ಮೂರು ಗಂಟೆಯೊಳಗೆ. ಆದರೂ 65 ಮುಟ್ಟದ್ದಕ್ಕೆ ನಾರ್‌ಅಡ್ರಿನಲಿನ್, ಅಂದರೆ ವಾಲ್ವ್ ತಿರುಗಿಸುವ ಕೈ. ಜೊತೆಗೆ ಕ್ಯಾತಿಟರ್ ಹಾಕಿ ನಿಂತ ಮೂತ್ರ ಖಾಲಿ ಮಾಡಿದರು, ನನ್ನ ಪ್ರಕಾರ ಜೀವ ಉಳಿಸಿದ್ದರಲ್ಲಿ ಅದರ ಪಾಲು ದೊಡ್ಡದು.

ಮೂರನೇ ದಿನ ನಾರ್‌ಅಡ್ರಿನಲಿನ್ ನಿಲ್ಲಿಸಿದರು. ನಾಲ್ಕನೇ ದಿನ ದೊಡ್ಡಪ್ಪ ಕಣದ ಲೆಕ್ಕ ಕೇಳಿ, ಎರಡು ಮೂಟೆ ಕಡಿಮೆ ಇದೆ ಅಂತ ನನ್ನ ಅಣ್ಣನ ಹತ್ತಿರ ಜಗಳ ತೆಗೆದರು. ಎಣಿಸಿ ನೋಡಿದರೆ ನಿಜಕ್ಕೂ ಕಡಿಮೆ ಇತ್ತು.