ಅತಿ ಹತ್ತಿರದ ಜೋಡಿ: ಏಳು ಹೋಲಿಕೆ ಏಕೆ ಸಾಕು ಅಂತ ನನಗೆ ಅರ್ಥವಾದ ಬಗೆ

ನನ್ನ ಹತ್ತಿರ ಬೀದಿದೀಪದ ಕಂಬಗಳ ಒಂದು ಲಿಸ್ಟ್ ಇತ್ತು. ಒಂದು ಲಕ್ಷ ಬಿಂದುಗಳು, x ಮತ್ತು y ಎರಡೂ ಮೀಟರ್‌ನಲ್ಲಿ. ಒಂದೇ ಕಂಬ ಎರಡು ಸಲ ಸೇರಿಕೊಂಡಿದೆಯಾ ಅಂತ ನೋಡಬೇಕಿತ್ತು. ಹಾಗಾಗಿ ಮೊದಲು ಅತಿ ಹತ್ತಿರದ ಜೋಡಿ ಯಾವುದು ಅಂತ ಹುಡುಕಲು ಹೊರಟೆ. ಪ್ರತಿ ಬಿಂದುವನ್ನೂ ಉಳಿದ ಎಲ್ಲದರ ಜೊತೆ ಹೋಲಿಸಿದರೆ ಸುಮಾರು 500 ಕೋಟಿ ಜೋಡಿ ಆಗುತ್ತದೆ. ಅದು ಆಗದ ಮಾತು.

ಅದಕ್ಕೇ ಭಾಗ ಮಾಡಿ ಬಿಡಿಸುವ ದಾರಿ ಹಿಡಿದೆ. ಬಿಂದುಗಳನ್ನು x ಪ್ರಕಾರ ಸಾರ್ಟ್ ಮಾಡಿ, ನಡುವೆ ಒಂದು ಗೆರೆ ಎಳೆಯಬೇಕು. ಎಡಭಾಗದ ಹತ್ತಿರದ ಜೋಡಿಯನ್ನೂ ಬಲಭಾಗದ ಹತ್ತಿರದ ಜೋಡಿಯನ್ನೂ ಇದೇ ರೀತಿ ಕಂಡುಹಿಡಿಯಬೇಕು. ಎರಡರಲ್ಲಿ ಚಿಕ್ಕ ದೂರವೇ d. ಇನ್ನು ಉಳಿಯುವುದು ಒಂದು ಬಿಂದು ಎಡಕ್ಕೆ, ಇನ್ನೊಂದು ಬಲಕ್ಕೆ ಇರುವ ಜೋಡಿಗಳು. ಅವು d ಗಿಂತ ಹತ್ತಿರ ಇರಬೇಕಾದರೆ ಎರಡೂ ಗೆರೆಯಿಂದ d ಒಳಗೇ ಇರಬೇಕು. ಆ ಜಾಗವೇ ಪಟ್ಟೆ.

ಎಂಟು ಬಿಂದುಗಳನ್ನು ಕಾಗದದ ಮೇಲೆ ಹಾಕಿ ನೋಡಿದೆ. ಎಡಕ್ಕೆ (1,2), (3,8), (5,5), (9,3). ಬಲಕ್ಕೆ (11,4), (12,9), (15,6), (17,1). ಎಡಗಡೆ ಕಡಿಮೆ ದೂರದ ವರ್ಗ 13, ಬಲಗಡೆ 18. ಅಂದರೆ d ಸುಮಾರು 3.6. ಗೆರೆ ಬಲಭಾಗದ ಮೊದಲ ಬಿಂದುವಿನ ಮೇಲೆ, ಅಂದರೆ x = 11 ರಲ್ಲಿದೆ. ಪಟ್ಟೆಗೆ ಬರುವುದು (9,3), (11,4), (12,9) ಮಾತ್ರ. ಮೊದಲೆರಡರ ದೂರದ ವರ್ಗ 5. ಅದೇ ಉತ್ತರ.

ಪಟ್ಟೆ ಹೀಗೆ ಚಿಕ್ಕದಾಗಿದ್ದರೆ ಯಾವ ತೊಂದರೆಯೂ ಇಲ್ಲ. ಆದರೆ ಉತ್ತರ-ದಕ್ಷಿಣವಾಗಿ ಹೋಗುವ ರಸ್ತೆಯ ಕಂಬಗಳಿಗೆ x ಹೆಚ್ಚುಕಮ್ಮಿ ಒಂದೇ ಅಲ್ವಾ? ಪರೀಕ್ಷೆಗೆ ಅಂತ ಎಲ್ಲ ಬಿಂದುಗಳಿಗೂ ಒಂದೇ x ಕೊಟ್ಟೆ. ಪ್ರೋಗ್ರಾಂ ಮುಗಿಯಲೇ ಇಲ್ಲ. ಇಡೀ ಲಕ್ಷ ಬಿಂದುಗಳೂ ಪಟ್ಟೆಯೊಳಗೇ ಇದ್ದವು. ನಾನು ಪಟ್ಟೆಯಲ್ಲಿ ಎಲ್ಲವನ್ನೂ ಎಲ್ಲದರ ಜೊತೆ ಹೋಲಿಸುತ್ತಿದ್ದೆ. ಮತ್ತೆ ಅದೇ 500 ಕೋಟಿ.

ಪಟ್ಟೆಯ ಬಿಂದುಗಳನ್ನು y ಪ್ರಕಾರ ಇಟ್ಟುಕೊಂಡು ಕೆಳಗಿನಿಂದ ಮೇಲಕ್ಕೆ ಹೋದಾಗ ಇದು ಬಿಡಿಸಿಕೊಂಡಿತು. ಒಂದು ಬಿಂದುವನ್ನು ಹಿಡಿದರೆ, ಅದರಿಂದ d ಎತ್ತರದೊಳಗೆ ಇರುವವುಗಳನ್ನು ನೋಡಿದರೆ ಸಾಕು. ಅಂದರೆ 2d ಅಗಲ, d ಎತ್ತರದ ಒಂದು ಆಯತ. ಅದರ ಎಡ ಅರ್ಧ d × d ಚೌಕ. ಅದನ್ನು d/2 ಬದಿಯ ನಾಲ್ಕು ಪುಟ್ಟ ಚೌಕ ಮಾಡಿ. ಪುಟ್ಟ ಚೌಕದ ಕರ್ಣ ಸುಮಾರು 0.71d. ಅದರೊಳಗೆ ಎಡಭಾಗದ ಎರಡು ಬಿಂದುಗಳಿದ್ದರೆ ಅವುಗಳ ದೂರ d ಗಿಂತ ಕಡಿಮೆ ಆಗಿಬಿಡುತ್ತದೆ. ಆದರೆ ಎಡಭಾಗದಲ್ಲಿ ಅಂಥ ಜೋಡಿ ಇಲ್ಲ ಅಂತ ನಮಗೆ ಆಗಲೇ ಗೊತ್ತು! ಹಾಗಾಗಿ ಎಡಭಾಗದಿಂದ ಜಾಸ್ತಿ ಅಂದರೆ ನಾಲ್ಕು, ಬಲಭಾಗದಿಂದ ನಾಲ್ಕು. ಒಟ್ಟು ಎಂಟರಲ್ಲಿ ಹಿಡಿದ ಬಿಂದುವನ್ನು ಬಿಟ್ಟರೆ ಏಳು.

ಗೆರೆಯ ಮೇಲೇ ಕೂತ ಬಿಂದುಗಳು ನನ್ನನ್ನು ತುಂಬಾ ಹೊತ್ತು ಕಾಡಿದವು. ಅಲ್ಲಿ ಎರಡು ಬಿಂದುಗಳು ಒಂದರ ಮೇಲೊಂದು ಇದ್ದರೆ? ಬಿಂದು ಎಲ್ಲಿದೆ ಅಂತ ನೋಡದೆ, ಲಿಸ್ಟ್‌ನ ಯಾವ ಅರ್ಧಕ್ಕೆ ಸೇರಿದೆ ಅಂತ ಎಣಿಸಿದರೆ ಗೊಂದಲ ಹೋಗುತ್ತದೆ. ಒಂದು ಎಡ ಲಿಸ್ಟ್‌ನದು, ಇನ್ನೊಂದು ಬಲದ್ದು. ಎರಡೂ ಒಂದೇ ಅರ್ಧದಲ್ಲಿದ್ದರೆ d ಆಗಲೇ 0, ಪಟ್ಟೆಯೇ ಬೇಕಿಲ್ಲ.

ಏಳು ಎಂಬ ಸಂಖ್ಯೆಯನ್ನು ಕೋಡ್‌ನಲ್ಲಿ ಬರೆಯಬೇಕಾಗಿಲ್ಲ. y ಅಂತರ d ಮುಟ್ಟಿದ ತಕ್ಷಣ ನಿಲ್ಲಿಸಿದರೆ ಆಯಿತು. `p` ಅಂದರೆ y ಪ್ರಕಾರ ಜೋಡಿಸಿದ ಬಿಂದುಗಳು, `mx` ಅಂದರೆ ಗೆರೆಯ x, `d2` ಅಂದರೆ d ಯ ವರ್ಗ:

```python
s = [q for q in p if (q[0] - mx)**2 < d2]
for i in range(len(s)):
    for j in range(i + 1, len(s)):
        dy = s[j][1] - s[i][1]
        if dy * dy >= d2:
            break
        dx = s[j][0] - s[i][0]
        d2 = min(d2, dx*dx + dy*dy)
```

ಪ್ರತಿ ಹಂತದಲ್ಲೂ y ಪ್ರಕಾರ ಹೊಸದಾಗಿ ಸಾರ್ಟ್ ಮಾಡಿದರೆ ಸಮಯ n log² n ಆಗುತ್ತದೆ. ಅದರ ಬದಲು ಎರಡು ಅರ್ಧಗಳೂ y ಪ್ರಕಾರ ಜೋಡಿಸಿಕೊಂಡೇ ವಾಪಸ್ ಬರುವಂತೆ ಮಾಡಿ, ಮರ್ಜ್ ಮಾಡಿದೆ. ಆಗ n log n. ಲಕ್ಷ ಬಿಂದುಗಳಿಗೆ ಸುಮಾರು 17 ಹಂತ. ಪಟ್ಟೆ ಎಲ್ಲ ಹಂತದಲ್ಲೂ ತುಂಬಿದ್ದರೂ ಹೋಲಿಕೆಗಳು ಹೆಚ್ಚೆಂದರೆ 1.2 ಕೋಟಿ.

ಈ ಮರ್ಜ್‌ನಿಂದಲೇ ಒಂದು ತಪ್ಪು ನುಸುಳಿತು. ಗೆರೆಯ x ಅನ್ನು, ಅಂದರೆ `mx = p[mid][0]` ಅನ್ನು, ರಿಕರ್ಷನ್ ಮುಗಿದ ಮೇಲೆ ಓದುತ್ತಿದ್ದೆ. ಅಷ್ಟರಲ್ಲಿ `p` ಯ ಬಲ ಅರ್ಧ y ಪ್ರಕಾರ ಬದಲಾಗಿರುತ್ತದೆ. ಮೇಲಿನ ಎಂಟು ಬಿಂದುಗಳಲ್ಲಿ ಆ ಜಾಗಕ್ಕೆ (17,1) ಬಂದು ಕೂರುತ್ತದೆ. ಗೆರೆ 11 ರಿಂದ 17 ಕ್ಕೆ ಹಾರಿ, (9,3) ಮತ್ತು (11,4) ಪಟ್ಟೆಯಿಂದ ಹೊರಗೆ ಬೀಳುತ್ತವೆ. ಉತ್ತರ 5 ಬರುವ ಬದಲು ಅದಕ್ಕಿಂತ ದೊಡ್ಡದು ಬರುತ್ತದೆ. ಎರರ್ ಏನೂ ತೋರಿಸುವುದಿಲ್ಲ, ಎಷ್ಟೋ ಸಲ ಉತ್ತರ ಸರಿಯಾಗಿಯೂ ಬರುತ್ತದೆ. 200 ಬಿಂದುಗಳ ಯಾದೃಚ್ಛಿಕ ಲಿಸ್ಟ್‌ಗಳನ್ನು ಮಾಡಿ, ಎಲ್ಲ ಜೋಡಿ ಹೋಲಿಸುವ ನಿಧಾನದ ಕೋಡ್ ಜೊತೆ ತಾಳೆ ನೋಡಿದಾಗಲೇ ಸಿಕ್ಕಿತು. ತಪ್ಪಿದಾಗೆಲ್ಲ ನನ್ನ ಉತ್ತರವೇ ದೊಡ್ಡದು. ಯಾವುದೋ ಜೋಡಿ ಪಟ್ಟೆಯಿಂದ ಜಾರುತ್ತಿದೆ ಅಂತ ಅದರಿಂದಲೇ ಗೊತ್ತಾಯಿತು. `mx` ಸಾಲನ್ನು ರಿಕರ್ಷನ್‌ಗಿಂತ ಮೇಲಕ್ಕೆ ತಂದೆ, ಎಲ್ಲ ಲಿಸ್ಟ್‌ಗಳೂ ತಾಳೆಯಾದವು.