ನಮ್ಮ ನಂಬರ್ ಯಾರು ಕೊಟ್ಟದ್ದು?

ಮಂಗಳೂರಿನ ಬಿಜೈಯಲ್ಲಿ ನನ್ನದೊಂದು ಎ.ಸಿ. ಸರ್ವಿಸ್ ಅಂಗಡಿ. ಒಂದು ಶಟರ್‌ನ ಸಣ್ಣ ಕೋಣೆ, ನಾನು, ಒಬ್ಬ ಹುಡುಗ. ಹೊಸಬರ ಫೋನ್ ಬಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ನಮ್ಮ ನಂಬರ್ ಯಾರು ಕೊಟ್ಟದ್ದು?" ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಗಿರಾಕಿ ಎಲ್ಲಿಂದ ಬರುತ್ತಾರೆ ಅಂತ ನನಗೆ ಗೊತ್ತಾದದ್ದು ಆ ನೋಟ್‌ಬುಕ್ಕಿನಿಂದಲೇ.

ಶುರುವಿನಲ್ಲಿ ಎಲ್ಲರ ಹಾಗೆ ನಾನೂ ವಾಟ್ಸಾಪ್ ಗ್ರೂಪುಗಳಲ್ಲಿ ಜಾಹೀರಾತು ಹಾಕುತ್ತಿದ್ದೆ. ಶಾಲೆಯ ಹಳೆ ಗೆಳೆಯರ ಗ್ರೂಪ್, ಮಾರುವ ಕೊಳ್ಳುವ ಗ್ರೂಪ್, ಊರಿನ ಯುವಕ ಮಂಡಲದ ಗ್ರೂಪ್, ಎಲ್ಲ ಕಡೆ ದಿನಾ ಬೆಳಿಗ್ಗೆ ಒಂದೇ ಚಿತ್ರ. ಮೂರು ತಿಂಗಳಲ್ಲಿ ಬಂದದ್ದು ನಾಲ್ಕು ಫೋನ್. ಅದರಲ್ಲಿ ಮೂರು ಮಂದಿ ರೇಟ್ ಕೇಳಿ ಇಟ್ಟುಬಿಟ್ಟರು. ಒಂದು ಗ್ರೂಪಿನಿಂದ ಅಡ್ಮಿನ್ ನನ್ನನ್ನು ತೆಗೆದೂ ಹಾಕಿದರು. ಅವರದ್ದು ತಪ್ಪಲ್ಲ. ಎ.ಸಿ. ಸರಿ ಇರುವಾಗ ಎ.ಸಿ. ರಿಪೇರಿಯವನ ಚಿತ್ರ ಯಾರಿಗೆ ಬೇಕು? ಕೆಟ್ಟ ದಿನ ಅವರು ಹಳೇ ಮೆಸೇಜ್ ಹುಡುಕುವುದಿಲ್ಲ. "ಒಳ್ಳೆ ಎ.ಸಿ.ಯವರು ಯಾರಾದ್ರೂ ಇದ್ದಾರಾ?" ಅಂತ ಗ್ರೂಪಿನಲ್ಲಿ ಕೇಳುತ್ತಾರೆ. ಆಗ ನಾನೇ ನನ್ನ ಹೆಸರು ಹಾಕಿದರೆ ಬೆಲೆ ಇಲ್ಲ. ಬೇರೆ ಯಾರಾದರೂ ಹಾಕಬೇಕು.

ಹಾಗೆ ಮೊದಲ ಸಲ ಹಾಕಿದ್ದು ಕದ್ರಿ ಕಡೆಯ ಒಂದು ಅಪಾರ್ಟ್‌ಮೆಂಟಿನ ಹಿರಿಯ ಹೆಂಗಸು. ಗಂಡ ಇಲ್ಲ, ಮಗ ದುಬೈಯಲ್ಲಿ. ಎ.ಸಿ.ಯಿಂದ ನೀರು ಹಾಸಿಗೆ ಮೇಲೆ ತೊಟ್ಟಿಕ್ಕುತ್ತಿತ್ತು. ನನಗಿಂತ ಮೊದಲು ಬಂದವರು ಗ್ಯಾಸ್ ಖಾಲಿ ಅಂತ ಹೇಳಿ 2,800 ರೂಪಾಯಿ ಕೇಳಿದ್ದರಂತೆ. ಗ್ಯಾಸ್ ಕಡಿಮೆಯಾದರೆ ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟಿ, ಅದು ಕರಗಿ ನೀರು ಸುರಿಯುವುದು ನಿಜ. ಆದರೆ ಡ್ರೈನ್ ಪೈಪ್ ಕಟ್ಟಿಕೊಂಡರೂ ನೀರು ಸುರಿಯುತ್ತದೆ. ಎರಡನ್ನೂ ನೋಡದೆ ಹೇಳುವ ಹಾಗಿಲ್ಲ.

ನಾನು ಫಿಲ್ಟರ್ ತೆಗೆದು ನೋಡಿದೆ. ಕಾಯಿಲ್ ಮೇಲೆ ಐಸ್ ಇಲ್ಲ. ಅರ್ಧ ಗಂಟೆ ಓಡಿಸಿ ಹೊರಗಿನ ಯೂನಿಟ್‌ಗೆ ಗ್ಯಾಸಿನ ಒತ್ತಡ ನೋಡುವ ಗೇಜ್ ಹಾಕಿದೆ, ಕ್ಲ್ಯಾಂಪ್ ಮೀಟರ್‌ನಲ್ಲಿ ಕರೆಂಟ್ ನೋಡಿದೆ. ಎರಡೂ ಸರಿ ಇತ್ತು. ಆಮೇಲೆ ಒಳಗಿನ ಟ್ರೇಗೆ ಒಂದು ಚೊಂಬು ನೀರು ಹೊಯ್ದೆ. ಹೊರಗಿನ ಪೈಪಿನ ಬಾಯಿಂದ ಒಂದು ಹನಿ ಬರಲಿಲ್ಲ. ಜೆಟ್ ಹಾಕಿ ಬಿಟ್ಟಾಗ ಗೇಣುದ್ದದ ಲೋಳೆ ಪಾಚಿ ಹೊರಗೆ ಬಿತ್ತು. ಅದನ್ನು ಆಂಟಿಗೆ ತೋರಿಸಿದೆ. ಅದರದ್ದೊಂದು, ಗೇಜ್‌ನ ಮುಳ್ಳಿನದ್ದೊಂದು ಫೋಟೋ ತೆಗೆದು, "ನಿಮ್ಮ ಮಗನಿಗೆ ಕಳಿಸಿ, ಗ್ಯಾಸ್ ಹಾಕುವ ಅಗತ್ಯ ಇಲ್ಲ" ಅಂದೆ. ಸರ್ವಿಸ್ ಚಾರ್ಜ್ 700 ತೆಗೆದುಕೊಂಡು ಬಂದೆ.

ಆ ರಾತ್ರಿ ಅವರು ಆ ಎರಡು ಫೋಟೋಗಳನ್ನು ಅಪಾರ್ಟ್‌ಮೆಂಟಿನ ಗ್ರೂಪಿಗೆ ಹಾಕಿದರು. ಮರುದಿನ ಮಧ್ಯಾಹ್ನದೊಳಗೆ ಅದೇ ಕಟ್ಟಡದಿಂದ ಐದು ಫೋನ್. ಆ ವಾರದಲ್ಲಿ ಒಟ್ಟು ಹನ್ನೊಂದು. ಒಬ್ಬರು ತಮ್ಮ ಚರ್ಚಿನ ವಾರ್ಡ್ ಗ್ರೂಪಿಗೆ ನನ್ನ ನಂಬರ್ ಕಳಿಸಿದರು, ಅಲ್ಲಿಂದ ಬೆಂದೂರ್‌ವೆಲ್ ಕಡೆಯ ಮನೆಗಳು ಸಿಕ್ಕಿದವು. ನೋಟ್‌ಬುಕ್ಕಿನಲ್ಲಿ ಈಗಲೂ "ಕದ್ರಿ ಆಂಟಿ" ಅಂತ ಬರೆಯುವ ಹೆಸರುಗಳು ಬರುತ್ತವೆ. ನಾನು ಯೋಚಿಸಿದ್ದು ಇಷ್ಟು: "ಒಳ್ಳೆ ಕೆಲಸ ಮಾಡ್ತಾರೆ" ಅಂತ ಯಾರೂ ಗ್ರೂಪಿನಲ್ಲಿ ಸುಮ್ನೆ ಬರೆಯುವುದಿಲ್ಲ. ಹೇಳಲಿಕ್ಕೆ ಒಂದು ಕಥೆ ಬೇಕು, ತೋರಿಸಲಿಕ್ಕೆ ಏನಾದರೂ ಬೇಕು. ಅಂದಿನಿಂದ ಎಲ್ಲ ಮನೆಯಲ್ಲೂ ಗೇಜ್‌ನ ಫೋಟೋ, ತೊಳೆಯುವ ಮೊದಲಿನ ಮತ್ತು ನಂತರದ ಕಾಯಿಲ್‌ನ ಫೋಟೋ ಗಿರಾಕಿಯ ಫೋನಿಗೆ ಕಳಿಸುತ್ತೇನೆ. ಗ್ರೂಪಿಗೆ ಹಾಕಿ ಅಂತ ಕೇಳುವುದಿಲ್ಲ.

ಕಟ್ಟಡದ ಒಳಗೆ ಹೊಕ್ಕ ಮೇಲೆ ರೇಟ್ ವಿಷಯದಲ್ಲಿ ಜಾಗ್ರತೆ ಬೇಕು. ಮೂರನೇ ಮಾಳಿಗೆಯವರಿಗೆ 700, ಐದನೆಯವರಿಗೆ 600 ಅಂದರೆ ಸಂಜೆಯೊಳಗೆ ಲಿಫ್ಟಿನಲ್ಲಿ ಮಾತಾಗುತ್ತದೆ. ಅದಕ್ಕೆ ನಾನು ಒಂದು ಪದ್ಧತಿ ಮಾಡಿದೆ. ಒಂದೇ ದಿನ ನಾಲ್ಕು ಎ.ಸಿ.ಗಿಂತ ಜಾಸ್ತಿ ಸಿಕ್ಕಿದರೆ ಎಲ್ಲರಿಗೂ 600, ಒಂದೊಂದೇ ಆದರೆ 700. ಜೆಟ್ ಪಂಪ್, ಏಣಿ ಎಲ್ಲ ಒಂದೇ ಸಲ ಮೇಲೆ ಹೋಗುವುದರಿಂದ ನನಗೂ ನಷ್ಟ ಇಲ್ಲ. ಆಗ ಅವರೇ ಗ್ರೂಪಿನಲ್ಲಿ ಕೇಳಿ ಹೆಸರು ಸೇರಿಸುತ್ತಾರೆ: "ಶನಿವಾರ ಎ.ಸಿ.ಯವರು ಬರ್ತಾರೆ, ಯಾರಿಗೆಲ್ಲ ಉಂಟು?"

ಎಲೆಕ್ಟ್ರಿಷಿಯನ್‌ಗಳು ಕೆಲಸ ಕಳಿಸಿದರೆ ನಾನು ಕಮಿಷನ್ ಕೊಡುವುದಿಲ್ಲ. ಕೊಟ್ಟರೆ ಅದು ಬಿಲ್ಲಿನಲ್ಲೇ ಬರಬೇಕು, ಆಗ ಪಕ್ಕದ ಮನೆಯ ಬಿಲ್ಲಿಗೆ ತಾಳೆ ಆಗುವುದಿಲ್ಲ. ಬದಲಿಗೆ ನನಗೆ ಸಿಕ್ಕುವ ವೈರಿಂಗ್ ಕೆಲಸ, ಎಂ.ಸಿ.ಬಿ. ಬದಲಿಸುವ ಕೆಲಸ ಎಲ್ಲ ಅವರಿಗೇ ಕಳಿಸುತ್ತೇನೆ. ಇಬ್ಬರು ಒಪ್ಪಲಿಲ್ಲ, ಮೂವರು ಈಗಲೂ ಜೊತೆಗಿದ್ದಾರೆ.

ಗ್ರೂಪಿನಲ್ಲಿ ಒಳ್ಳೆಯದು ಹರಡಿದ ಹಾಗೆ ಕೆಟ್ಟದ್ದೂ ಹರಡುತ್ತದೆ. ಒಂದು ಏಪ್ರಿಲ್‌ನಲ್ಲಿ ನಾನು ದಿನಕ್ಕೆ ಹತ್ತು ಮನೆ ಒಪ್ಪಿಕೊಂಡೆ. ಆಗಬಾರದಿತ್ತು. ಹುಡುಗ ಒಂದು ಮನೆಯಲ್ಲಿ ಡ್ರೈನ್ ಪೈಪಿನ ಜಾಯಿಂಟ್ ಸರಿಯಾಗಿ ಕೂರಿಸಲಿಲ್ಲ. ಟ್ರೇಗೆ ನೀರು ಹೊಯ್ದು ನೋಡುವುದನ್ನೂ ಬಿಟ್ಟ. ರಾತ್ರಿಯಿಡೀ ನೀರು ಇಳಿದು ಫಾಲ್ಸ್ ಸೀಲಿಂಗ್ ಉಬ್ಬಿತು. ಬೆಳಿಗ್ಗೆ ಅದರ ಫೋಟೋ ಗ್ರೂಪಿನಲ್ಲಿ, ಕೆಳಗೆ ನನ್ನ ನಂಬರ್. ನನಗೆ ಇನ್ನೊಬ್ಬ ಗಿರಾಕಿ ಹೇಳಿ ಗೊತ್ತಾಯಿತು, ಯಾಕಂದರೆ ನಾನು ಆ ಗ್ರೂಪಿನಲ್ಲಿ ಇಲ್ಲ. ಇದ್ದ ಕೆಲಸ ಎಲ್ಲ ಮುಂದೆ ಹಾಕಿ ಒಂದು ಗಂಟೆಯೊಳಗೆ ಹೋದೆ. "ತಪ್ಪು ನಮ್ಮದೇ, ಸೀಲಿಂಗಿನ ಖರ್ಚು ನನ್ನದು" ಅಂದೆ. ಪೈಪ್ ಕೂರಿಸಿ, ಎರಡು ದಿನ ಒಣಗಲು ಬಿಟ್ಟು, ಪೇಂಟರ್‌ನನ್ನು ಕರೆತಂದೆ. ಒಟ್ಟು 3,500 ಆಯಿತು. ಫೋಟೋ ಡಿಲೀಟ್ ಮಾಡಿ ಅಂತ ನಾನು ಕೇಳಲಿಲ್ಲ. ಅವರು ಡಿಲೀಟ್ ಮಾಡಲೂ ಇಲ್ಲ, ಅದರ ಕೆಳಗೇ ಸರಿ ಮಾಡಿದ ಸೀಲಿಂಗಿನ ಫೋಟೋ ಹಾಕಿದರು. ಆ ಕಟ್ಟಡದಲ್ಲಿ ಎರಡು ಮನೆ ಕೈಬಿಟ್ಟು ಹೋದವು, ಉಳಿದವರು ಕರೆಯುತ್ತಿದ್ದಾರೆ. ಈಗ ಬೇಸಿಗೆಯಲ್ಲೂ ದಿನಕ್ಕೆ ಆರಕ್ಕಿಂತ ಜಾಸ್ತಿ ಒಪ್ಪುವುದಿಲ್ಲ.

ಸಮುದ್ರದ ಹತ್ತಿರದ ಮನೆಗಳಲ್ಲಿ ಇನ್ನೊಂದು ಕಷ್ಟ ಉಂಟು. ಸುರತ್ಕಲ್, ತಣ್ಣೀರುಬಾವಿ ಕಡೆ ಉಪ್ಪು ಗಾಳಿಗೆ ಹೊರಗಿನ ಯೂನಿಟ್‌ನ ಫಿನ್, ಅಂದರೆ ಕಾಯಿಲ್ ಸುತ್ತಲಿನ ತೆಳು ತಗಡುಗಳು, ಪುಡಿ ಪುಡಿಯಾಗುತ್ತದೆ, ಕಾಯಿಲ್ ಬೇಗ ಲೀಕ್ ಆಗುತ್ತದೆ. ಇವತ್ತು ಸರ್ವಿಸ್ ಮಾಡಿ ಆರು ತಿಂಗಳಲ್ಲಿ ಗ್ಯಾಸ್ ಹೋದರೆ ಮಾತು ಬರುವುದು ನಮಗೆ, ಅಲ್ವಾ? ಅದಕ್ಕೆ ಮೊದಲೇ ಫಿನ್‌ನ ಫೋಟೋ ಕಳಿಸಿ, "ಇದು ಜಾಸ್ತಿ ದಿನ ಬಾರದು" ಅಂತ ಬರೆದೇ ಕೆಲಸ ಶುರು ಮಾಡುತ್ತೇನೆ. ಕೆಲವರು ಅಲ್ಲಿಗೇ ಬೇಡ ಅನ್ನುತ್ತಾರೆ. ಆಗಲಿ.

ಇನ್ನೊಂದು ಸಣ್ಣ ವಿಷಯ, ಆದರೆ ತುಂಬಾ ಉಪಯೋಗಕ್ಕೆ ಬಂದದ್ದು. ಜನ ಫೋನಿನಲ್ಲಿ ನನ್ನ ಹೆಸರು ಹುಡುಕುವುದಿಲ್ಲ, "ac" ಅಂತ ಟೈಪ್ ಮಾಡುತ್ತಾರೆ. ಅದಕ್ಕೆ ಕೆಲಸ ಮುಗಿದ ಮೇಲೆ ಅವರ ಎದುರಿಗೇ ನಿಂತು `AC Service Bejai` ಅಂತ ಸೇವ್ ಮಾಡಿಸುತ್ತೇನೆ. ಒಳಗಿನ ಯೂನಿಟ್‌ನ ಬದಿಗೆ ತಾರೀಕು, ನಂಬರ್ ಬರೆದ ಸ್ಟಿಕ್ಕರ್ ಅಂಟಿಸುತ್ತೇನೆ. ಸೇವ್ ಮಾಡದವರಿಗೆ ವಾಟ್ಸಾಪ್ ಬ್ರಾಡ್‌ಕಾಸ್ಟ್ ಹೋಗುವುದೇ ಇಲ್ಲ, ಇದು ನನಗೆ ಎರಡು ವರ್ಷ ಗೊತ್ತೇ ಇರಲಿಲ್ಲ. ಈಗ ಬ್ರಾಡ್‌ಕಾಸ್ಟ್ ಬಿಟ್ಟಿದ್ದೇನೆ. ಫೆಬ್ರವರಿಯ ಮೊದಲ ವಾರ, ಸೆಕೆ ಏರುವ ಮೊದಲು, ನೋಟ್‌ಬುಕ್ ತೆರೆದು ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುತ್ತೇನೆ: "ಆಂಟಿ, ಹೋದ ವರ್ಷ ನಿಮ್ಮ ಮಲಗುವ ಕೋಣೆಯ ಎ.ಸಿ. ಡ್ರೈನ್ ಕಟ್ಟಿತ್ತು. ಮಾರ್ಚ್ ಬರುವ ಮೊದಲು ಒಮ್ಮೆ ನೋಡಿ ಹೋಗಲಾ?" ದಿನಕ್ಕೆ ಹದಿನೈದು ಮೆಸೇಜ್. ಕದ್ರಿಯ ಆಂಟಿಗೆ ಮೊದಲ ಮೆಸೇಜ್. ಈ ಸಲ ಅವರು ಉತ್ತರ ಬರೆಯುವ ಮೊದಲೇ ದುಬೈಯಿಂದ ಮಗನ ಫೋನ್ ಬಂತು. ಅವನ ಅತ್ತೆಮನೆ ಉಡುಪಿಯಲ್ಲಂತೆ, ಅಲ್ಲಿ ಮೂರು ಎ.ಸಿ. ಉಂಟಂತೆ.